ಒಡೆತನದ ಬದಲಾವಣೆ ಮತ್ತು ಸೇವೆಯ ಎಣಿಕೆ

ಉದ್ಯಮ ಕೈಬದಲಾದಾಗ ನೌಕರರ ಹಿಂದಿನ ಸೇವೆ ಏನಾಗುತ್ತದೆಂಬುದು ಮಾರಾಟವಾದುದು ಏನೆಂಬುದನ್ನು ಅವಲಂಬಿಸಿದೆ.

ಬೆಂಗಳೂರಿನ ಎಂಫಸಿಸ್ ಸಂಸ್ಥೆಯ ಬಹುಪಾಲು ಷೇರುಗಳು 2006ರಲ್ಲಿ ಇಡಿಎಸ್‌ಗೆ ಸೇರಿದವು. 2008ರಲ್ಲಿ ಇಡಿಎಸ್ಸನ್ನೇ ಎಚ್‌ಪಿ ಕೊಂಡಿತು; 2016ರಲ್ಲಿ ಆ ಪಾಲು ಬ್ಲ್ಯಾಕ್‌ಸ್ಟೋನ್‌ಗೆ ಸಂದಿತು. ಒಡೆಯರು ಬದಲಾದರೂ ನೇಮಕ ಮಾಡಿದ ಕಂಪನಿ ಉಳಿದುದರಿಂದ ಷೇರಿನ ಮಾರಾಟ ಮಾತ್ರದಿಂದ ಸೇವೆ ಕಡಿಯಲಿಲ್ಲ.

ಪೀಣ್ಯದ ಕಾರ್ಖಾನೆಯೊಂದನ್ನೇ ಬೇರೆ ಕಂಪನಿ ಕೊಂಡರೆ ಸಂಗತಿ ಭಿನ್ನ. 1956ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ಸೇರಿದ 25ಎಫ್‌ಎಫ್ ಕಲಮಿನ ತತ್ತ್ವವು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಮುಂದುವರಿದಿದೆ. ಸೇವೆ ಕಡಿಯಬಾರದು, ಷರತ್ತುಗಳು ಕುಗ್ಗಬಾರದು, ಮುಂದೆ ಕೆಲಸದಿಂದ ತೆಗೆದರೆ ಹಳೆಯ ವರ್ಷಗಳನ್ನೂ ಹೊಸ ಮಾಲೀಕ ಎಣಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ, ವರ್ಷಕ್ಕೆ ಕಡಿಮೆಯಿಲ್ಲದೆ ಸತತವಾಗಿ ದುಡಿದ ಕಾರ್ಮಿಕನಿಗೆ ನೋಟಿಸು ಹಾಗೂ ಪರಿಹಾರ ಸಲ್ಲುತ್ತದೆ. 12 ವರ್ಷ ದುಡಿದವನಿಗೆ, ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ, ಅದು 180 ದಿನಗಳ ವೇತನ. ಪರಿಹಾರ ಪಡೆದವನು ಹೊಸ ಮಾಲೀಕನಿಂದ ಕೆಲಸವನ್ನೂ ಹಕ್ಕಾಗಿ ಕೇಳುವಂತಿಲ್ಲ.

ಈ ರಕ್ಷಣೆ ಕಾನೂನಿನ ಅರ್ಥದ ಕಾರ್ಮಿಕರಿಗಷ್ಟೇ; ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗೆ ಕರಾರೇ ಆಧಾರ. ವರ್ಗಾವಣೆಯ ವೇಳೆ ರಾಜೀನಾಮೆ ಬರೆಸಿಕೊಂಡು ಹೊಸ ಸೇರ್ಪಡೆಯ ದಿನಾಂಕವಿರುವ ನೇಮಕಾತಿ ಪತ್ರ ಕೊಟ್ಟರೆ, ಹಿಂದಿನ ಸೇವೆ ಕಡಿಯುತ್ತಿದೆಯೆಂಬುದಕ್ಕೆ ಅದೇ ಮೊದಲ ಕುರುಹು.