ಲಿಯಾಂಟೀಫ್ ಹೂಡುವಳಿ–ಹುಟ್ಟುವಳಿ ಮಾದರಿ

ಒಂದು ದೇಶದ ಉದ್ಯಮ ವಲಯಗಳು ಒಂದು ಇನ್ನೊಂದರ ಸರಕನ್ನು ಎಷ್ಟೆಷ್ಟು ಬಳಸುತ್ತವೆ ಎಂಬ ಲೆಕ್ಕವನ್ನು ಮಾತೃಕೆಯಾಗಿ ಬರೆದು, ಹೊರಗಿನ ಬೇಡಿಕೆಯನ್ನು ಪೂರೈಸಲು ಪ್ರತಿ ವಲಯವೂ ಒಟ್ಟು ಎಷ್ಟು ಉತ್ಪಾದಿಸಬೇಕೆಂದು ಕಂಡುಹಿಡಿಯುವ ವಿಧಾನ. ರಷ್ಯನ್ ಮೂಲದ ಅಮೆರಿಕನ್ ಅರ್ಥಶಾಸ್ತ್ರಜ್ಞ ವಾಸಿಲಿ ಲಿಯಾಂಟೀಫ್ ಅಮೆರಿಕದ ಅರ್ಥವ್ಯವಸ್ಥೆಯನ್ನು ಕುರಿತು 1936ರಲ್ಲಿ ಪ್ರಕಟಿಸಿದ ಲೇಖನದಿಂದ ಇದು ಆರಂಭವಾಯಿತು. ಈ ಕೆಲಸಕ್ಕಾಗಿ ಅವರಿಗೆ 1973ರ ನೊಬೆಲ್ ಪ್ರಶಸ್ತಿ ದೊರೆಯಿತು. ಭಾರತದಲ್ಲಿ ಕೇಂದ್ರ ಸಾಂಖ್ಯಿಕ ಸಂಸ್ಥೆಯು 1968–69ರ ವರ್ಷದಿಂದ ಇಂಥ ಕೋಷ್ಟಕಗಳನ್ನು ಸಿದ್ಧಪಡಿಸಿದೆ.

ಮಾದರಿಯ ಹಿಂದಿರುವ ತೊಡಕು ಇಷ್ಟು. ಪೇಟೆಗೆ ಇನ್ನಷ್ಟು ಬಟ್ಟೆ ಬೇಕಾದರೆ ಗಿರಣಿ ಹೆಚ್ಚು ನೇಯಬೇಕು. ಅದಕ್ಕೆ ಹೆಚ್ಚು ಹತ್ತಿ ಬೇಕು. ಹತ್ತಿ ಬೆಳೆಯಲು ಗೊಬ್ಬರ, ಡೀಸೆಲ್ ಬೇಕು, ಅವು ಮತ್ತೆ ಕಾರ್ಖಾನೆಯಿಂದಲೇ ಬರಬೇಕು. ಎಲ್ಲಿಂದ ಹೊರಟರೂ ಲೆಕ್ಕ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಒಂದೊಂದೇ ಕೊಂಡಿಯನ್ನು ಹಿಡಿದು ಹೋದರೆ ಅದು ಮುಗಿಯುವುದಿಲ್ಲ. ಎಲ್ಲ ಸಮೀಕರಣಗಳನ್ನೂ ಒಟ್ಟಿಗೆ ಬಿಡಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಎರಡೇ ವಲಯಗಳಿರುವ ಕಲ್ಪಿತ ಅರ್ಥವ್ಯವಸ್ಥೆಯೊಂದನ್ನು ತೆಗೆದುಕೊಳ್ಳೋಣ: ಕೃಷಿ ಮತ್ತು ತಯಾರಿಕೆ. ಒಂದು ವರ್ಷದಲ್ಲಿ ಕೃಷಿಯ ಒಟ್ಟು ಉತ್ಪಾದನೆ 250 ಕೋಟಿ ರೂಪಾಯಿ, ತಯಾರಿಕೆಯದು 375 ಕೋಟಿ. ಕೃಷಿ ಉತ್ಪನ್ನದಲ್ಲಿ 75 ಕೋಟಿಯಷ್ಟು ಬೀಜ, ಮೇವುಗಳಾಗಿ ಕೃಷಿಗೇ ಮರಳಿತು. ಇನ್ನು 75 ಕೋಟಿ ಕಚ್ಚಾಮಾಲಾಗಿ ಕಾರ್ಖಾನೆಗೆ ಹೋಯಿತು. ಉಳಿದ 100 ಕೋಟಿ ಮನೆಗಳಿಗೆ ಹೋಯಿತು. ತಯಾರಿಕೆಯ ಸರಕಿನಲ್ಲಿ 25 ಕೋಟಿ ಕೃಷಿಗೆ, 150 ಕೋಟಿ ಬೇರೆ ಕಾರ್ಖಾನೆಗಳಿಗೆ, 200 ಕೋಟಿ ಮನೆಗಳಿಗೆ. ಹೀಗೆ ವಲಯಗಳ ಆಚೆಗೆ ಹೋಗುವ ಪಾಲೇ ಅಂತಿಮ ಬೇಡಿಕೆ. ಇಲ್ಲಿ ಅದು 100 ಮತ್ತು 200. ನಿಜವಾದ ಕೋಷ್ಟಕಗಳಲ್ಲಿ ಮನೆಗಳ ಖರೀದಿಯ ಜೊತೆಗೆ ಸರ್ಕಾರದ ಖರ್ಚು, ಬಂಡವಾಳ ಹೂಡಿಕೆ, ರಫ್ತು ಕೂಡ ಇದರಲ್ಲಿ ಸೇರುತ್ತವೆ.

ಬಳಕೆ ಮಾತೃಕೆ ಈ ಅಂಕಿಗಳಿಂದಲೇ ಹುಟ್ಟುತ್ತದೆ. ಕೃಷಿ 250 ಕೋಟಿ ಬೆಳೆಯಲು 75 ಕೋಟಿಯ ಕೃಷಿ ಉತ್ಪನ್ನವನ್ನೂ 25 ಕೋಟಿಯ ಕಾರ್ಖಾನೆ ಸರಕನ್ನೂ ಬಳಸಿದೆ. ಅಂದರೆ ಪ್ರತಿ ರೂಪಾಯಿ ಬೆಳೆಗೆ 30 ಪೈಸೆ ಮತ್ತು 10 ಪೈಸೆ. ಇದು ಮೊದಲ ಕಂಬಸಾಲು. ತಯಾರಿಕೆಯ ಖರೀದಿಗಳನ್ನು 375ರಿಂದ ಭಾಗಿಸಿದರೆ ಎರಡನೆಯ ಕಂಬಸಾಲು ಸಿಗುತ್ತದೆ:

```
C = | 0.3  0.2 |      d = | 100 |
    | 0.1  0.4 |          | 200 |
```

ಒಟ್ಟು ಉತ್ಪಾದನೆಯನ್ನು x ಎಂದು ಕರೆದರೆ, ಅದರಲ್ಲಿ Cx ಭಾಗ ಉತ್ಪಾದನೆಯಲ್ಲೇ ಖರ್ಚಾಗುತ್ತದೆ, d ಭಾಗ ಹೊರಗೆ ಹೋಗುತ್ತದೆ. ಆದ್ದರಿಂದ x = Cx + d. ಇದನ್ನು (I − C)x = d ಎಂದು ಬರೆಯಬಹುದು; I ಎಂಬುದು ಏಕಕ ಮಾತೃಕೆ. ಇಲ್ಲಿ I − C ಮಾತೃಕೆಯ ನಿರ್ಧಾರಕ 0.7 × 0.6 − 0.2 × 0.1 = 0.40. ವಿಲೋಮ ಹೀಗಿರುತ್ತದೆ:

```
(I − C)⁻¹ = | 1.5   0.5  |
            | 0.25  1.75 |
```

ಇದನ್ನು ಲಿಯಾಂಟೀಫ್ ವಿಲೋಮ ಎನ್ನುತ್ತಾರೆ. ಮಾದರಿಯ ಜೀವಾಳ ಇರುವುದು ಇದರಲ್ಲೇ. ಇದರ ಎರಡನೆಯ ಕಂಬಸಾಲನ್ನು ಓದೋಣ. ಕಾರ್ಖಾನೆ ಸರಕಿಗೆ ಅಂತಿಮ ಬೇಡಿಕೆ ಒಂದು ಕೋಟಿ ಹೆಚ್ಚಿದರೆ ತಯಾರಿಕೆ 1.75 ಕೋಟಿಯಷ್ಟೂ ಕೃಷಿ 0.5 ಕೋಟಿಯಷ್ಟೂ ಹೆಚ್ಚು ಉತ್ಪಾದಿಸಬೇಕು. ಬಳಕೆ ಮಾತೃಕೆಯಲ್ಲಿ ಕೃಷಿಯ ಪಾಲು 0.2 ಎಂದಷ್ಟೇ ಕಾಣುತ್ತಿತ್ತು. ಅದು ನೇರ ಖರೀದಿ ಮಾತ್ರ; ಮರೆಯಲ್ಲಿದ್ದ ಉಳಿದ 0.3 ಈಗ ಕಣ್ಣಿಗೆ ಬಿತ್ತು.

ಆ ಮರೆಯ ಬೇಡಿಕೆ ಎಲ್ಲಿಂದ ಬಂತು ಎಂಬುದನ್ನು ಸುತ್ತುಸುತ್ತಾಗಿಯೂ ನೋಡಬಹುದು. ಮೊದಲು ಬೇಕಾದದ್ದು 100 ಮತ್ತು 200. ಅದನ್ನು ತಯಾರಿಸಲು 70 ಮತ್ತು 90 ಬೇಕು. ಆ 70, 90ನ್ನು ತಯಾರಿಸಲು 39 ಮತ್ತು 43. ಆಮೇಲೆ 20.3 ಮತ್ತು 21.1. ಈ ಸುತ್ತುಗಳೇ d + Cd + C²d + … ಎಂಬ ಶ್ರೇಣಿ. ಮುಂದಿನ ಪ್ರತಿ ಸುತ್ತೂ ಹಿಂದಿನದರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ C ಮಾತೃಕೆಯ ಅತಿದೊಡ್ಡ ಲಾಕ್ಷಣಿಕ ಮೌಲ್ಯ 0.5. ಎಲ್ಲವನ್ನೂ ಕೂಡಿದರೆ ಮೊತ್ತ 250 ಮತ್ತು 375ಕ್ಕೆ ಹೋಗಿ ನಿಲ್ಲುತ್ತದೆ.

ಸುತ್ತುಗಳು ಇಳಿಯದೇ ಹೋದರೆ ಮಾದರಿಗೆ ಅರ್ಥಪೂರ್ಣ ಉತ್ತರವಿಲ್ಲ. ತಯಾರಿಕೆ ತನ್ನದೇ ಸರಕನ್ನು ರೂಪಾಯಿಗೆ 40 ಪೈಸೆಯ ಬದಲು 98 ಪೈಸೆಯಷ್ಟು ನುಂಗುತ್ತದೆ ಎಂದುಕೊಳ್ಳಿ. ನಿರ್ಧಾರಕ 0.7 × 0.02 − 0.02, ಅಂದರೆ −0.006 ಆಗುತ್ತದೆ. ಸಮೀಕರಣಕ್ಕೆ ಉತ್ತರ ಬರುತ್ತದೆ, ಆದರೆ ಉತ್ಪಾದನೆ ಋಣಾತ್ಮಕ! ಅಂಥ ವ್ಯವಸ್ಥೆ ಕೊಡುವುದಕ್ಕಿಂತ ಹೆಚ್ಚು ತಿನ್ನುತ್ತದೆ. ಯಾವಾಗ ಹೀಗಾಗುವುದಿಲ್ಲ ಎಂಬುದಕ್ಕೆ ಡೇವಿಡ್ ಹಾಕಿನ್ಸ್ ಮತ್ತು ಹರ್ಬರ್ಟ್ ಸೈಮನ್ 1949ರಲ್ಲಿ ನಿಯಮ ಕೊಟ್ಟರು: I − C ಮಾತೃಕೆಯ ಮುಖ್ಯ ಉಪನಿರ್ಧಾರಕಗಳೆಲ್ಲ ಧನಾತ್ಮಕವಾಗಿರಬೇಕು. ಪ್ರತಿ ಕಂಬಸಾಲಿನ ಮೊತ್ತ ಒಂದಕ್ಕಿಂತ ಕಡಿಮೆಯಿದ್ದರೆ ಈ ನಿಯಮ ತಾನಾಗಿ ಪಾಲನೆಯಾಗುತ್ತದೆ. ಹಾಗೆಂದು ಮೊತ್ತ ಒಂದನ್ನು ಮೀರಿದ ಮಾತ್ರಕ್ಕೆ ವ್ಯವಸ್ಥೆ ಕುಸಿಯಲೇಬೇಕೆಂದೇನಿಲ್ಲ. ಮೇಲಿನ ಉದಾಹರಣೆಯಲ್ಲಿ 98ರ ಬದಲು 95 ಪೈಸೆ ಎಂದಿಟ್ಟರೆ ತಯಾರಿಕೆಯ ಖರ್ಚು ರೂಪಾಯಿಗೆ 1.15 ಆಗುತ್ತದೆ, ವಲಯ ನಷ್ಟದಲ್ಲಿರುತ್ತದೆ. ಆದರೂ ನಿರ್ಧಾರಕ 0.015, ಧನಾತ್ಮಕವೇ. ಕೃಷಿಯ ಮಿಗುತೆ ಆ ನಷ್ಟವನ್ನು ಹೊರುತ್ತದೆ. ಆದರೆ ಆಗ ತಯಾರಿಕೆಯ ಒಂದು ಕೋಟಿ ಬೇಡಿಕೆಗೆ ಆ ವಲಯ 46 ಕೋಟಿಗೂ ಹೆಚ್ಚು ಉತ್ಪಾದಿಸಬೇಕಾಗುತ್ತದೆ. ಇಂಥ ಸಂಖ್ಯೆ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ದತ್ತಾಂಶವನ್ನು.

ಲೆಕ್ಕದಲ್ಲಿ ಸುಲಭವಾಗಿ ನುಸುಳುವ ತಪ್ಪೆಂದರೆ ಕಂಬಸಾಲಿನ ಬದಲು ಅಡ್ಡಸಾಲನ್ನು ಒಟ್ಟು ಉತ್ಪಾದನೆಯಿಂದ ಭಾಗಿಸುವುದು. ಹಾಗೆ ಮಾಡಿದರೆ ಮೊದಲ ಅಡ್ಡಸಾಲು 0.3, 0.3 ಎಂದೂ ಎರಡನೆಯದು 0.067, 0.4 ಎಂದೂ ಬರುತ್ತದೆ. ನೋಡಲು ಏನೂ ಅಸಹಜವಾಗಿ ಕಾಣುವುದಿಲ್ಲ. ಆದರೆ ಅದೇ ವರ್ಷದ 100, 200ನ್ನು ಇಟ್ಟು ಬಿಡಿಸಿದರೆ 250, 375ರ ಬದಲು 300, 366.7 ಬರುತ್ತದೆ. ಮೂಲ ವರ್ಷದ ಬೇಡಿಕೆಯನ್ನು ಕೊಟ್ಟರೆ ಮೂಲ ವರ್ಷದ ಉತ್ಪಾದನೆ ಮರಳಿ ಬರಬೇಕು. ಈ ಪರೀಕ್ಷೆಯನ್ನು ಎಂದೂ ಬಿಡಬಾರದು. ಇನ್ನೊಂದು ತಾಳೆಯೂ ಇದೆ. ಕೃಷಿಯಲ್ಲಿ ರೂಪಾಯಿಗೆ 60 ಪೈಸೆ, ತಯಾರಿಕೆಯಲ್ಲಿ 40 ಪೈಸೆ ಕೂಲಿ, ಬಾಡಿಗೆ, ಲಾಭಗಳಾಗಿ ಉಳಿಯುತ್ತದೆ. 250ರ 60 ಪೈಸೆ ಲೆಕ್ಕ 150, 375ರ 40 ಪೈಸೆ ಲೆಕ್ಕವೂ 150. ಕೂಡಿದರೆ 300, ಅಂತಿಮ ಬೇಡಿಕೆಯ ಮೊತ್ತವೂ ಅದೇ. ಆದಾಯದ ಕಡೆಯಿಂದಲೂ ಖರ್ಚಿನ ಕಡೆಯಿಂದಲೂ ರಾಷ್ಟ್ರೀಯ ಲೆಕ್ಕ ಒಂದೇ ಆಗಬೇಕೆಂಬ ನಿಯಮ ಇಲ್ಲಿ ಎರಡು ಗುಣಾಕಾರಗಳಲ್ಲಿ ಕಾಣಸಿಗುತ್ತದೆ.

ಎರಡು ವಲಯಕ್ಕೆ ಕಾಗದ ಸಾಕು, ವಲಯಗಳು ಹೆಚ್ಚಿದಂತೆ ಯಂತ್ರ ಬೇಕು. 1949ರಲ್ಲಿ ಲಿಯಾಂಟೀಫ್ ಅಮೆರಿಕದ 500 ವಲಯಗಳ ಮಾಹಿತಿಯನ್ನು ಹಾರ್ವರ್ಡಿನ ಮಾರ್ಕ್-2 ಯಂತ್ರ ಬಿಡಿಸಬಲ್ಲಷ್ಟಕ್ಕೆ, ಅಂದರೆ 42 ಸಮೀಕರಣಗಳಿಗೆ ಇಳಿಸಬೇಕಾಯಿತು. ಇಂದು ಆ ಗಾತ್ರದ ಲೆಕ್ಕ ಕ್ಷಣಮಾತ್ರದ್ದು. ಒಂದೇ ಬೇಡಿಕೆಗೆ ಉತ್ತರ ಬೇಕಿದ್ದರೆ ವಿಲೋಮ ಕಂಡುಹಿಡಿಯದೆ ಗಾಸ್ ನಿರಸನದಿಂದ ನೇರವಾಗಿ ಬಿಡಿಸುವುದೇ ವಾಸಿ; ವಲಯವಾರು ಪರಿಣಾಮಗಳೆಲ್ಲ ಬೇಕಿದ್ದಾಗ ಮಾತ್ರ ವಿಲೋಮಕ್ಕೆ ಕೈಹಾಕಬೇಕು.

ಮಾದರಿಯ ಹಲವು ಮಿತಿಗಳು C ಬದಲಾಗುವುದಿಲ್ಲ ಎಂಬ ನಂಬಿಕೆಯಿಂದ ಬರುತ್ತವೆ. ಉತ್ಪಾದನೆ ದುಪ್ಪಟ್ಟಾದರೆ ಕಚ್ಚಾಮಾಲೂ ದುಪ್ಪಟ್ಟು ಎಂದು ಅದು ಲೆಕ್ಕ ಹಾಕುತ್ತದೆ. ಹತ್ತಿ ದುಬಾರಿಯಾದಾಗ ಗಿರಣಿ ಪಾಲಿಯೆಸ್ಟರ್‌ಗೆ ತಿರುಗುವುದನ್ನು ಅದು ಕಾಣದು. ಗಿರಣಿಯಲ್ಲಿ ಅಷ್ಟು ಮಗ್ಗಗಳಿವೆಯೇ ಎಂದು ಕೇಳುವುದೂ ಇಲ್ಲ. ಭಾರತದಂಥ ದೇಶಕ್ಕೆ ಇನ್ನೂ ದೊಡ್ಡ ತೊಡಕು ಆಮದಿನದು. ಡೀಸೆಲ್‌ಗೆ ಬೇಡಿಕೆ ಹೆಚ್ಚಿದಾಗ ಅದರ ಹಿಂದಿನ ಕಚ್ಚಾತೈಲದ ಬಹುಪಾಲು ಹೊರದೇಶದಿಂದ ಬರುತ್ತದೆ. ಆಮದು ಮಾಡಿದ ಸರಕನ್ನು ದೇಶೀಯ ಸರಕಿನೊಡನೆ ಬೆರೆಸಿದ C ಬಳಸಿದರೆ ಆ ಉತ್ಪಾದನೆಯೆಲ್ಲ ದೇಶದೊಳಗೇ ಆಯಿತೆಂದು ಲೆಕ್ಕ ತೋರಿಸುತ್ತದೆ, ಗುಣಕಗಳು ಉಬ್ಬುತ್ತವೆ. ಆದ್ದರಿಂದ ಉದ್ಯೋಗ ಅಥವಾ ಆದಾಯದ ಪರಿಣಾಮವನ್ನು ಅಳೆಯುವ ಮೊದಲು ಆಮದಿನ ಪಾಲನ್ನು ಪ್ರತಿ ಅಂಕಿಯಿಂದಲೂ ಕಳೆದು ದೇಶೀಯ ಬಳಕೆ ಮಾತೃಕೆಯನ್ನು ಬೇರೆಯಾಗಿಯೇ ಕಟ್ಟಿಕೊಳ್ಳಬೇಕಾಗುತ್ತದೆ.