ಮೂರು ವೋಲ್ಟ್‌ಮೀಟರ್ ವಿಧಾನ: ಪವರ್ ಅಳೆಯಲು ಹುಟ್ಟಿ ಚೋಕ್ ಕಾಯಿಲ್‌ಗೆ ಬಂದದ್ದು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಎಲೆಕ್ಟ್ರಿಕಲ್ ಲ್ಯಾಬ್‌ಗೆ ಒಂದು ಪ್ರಯೋಗವಿತ್ತು: ಚೋಕ್ ಕಾಯಿಲ್‌ನ ರೋಧವನ್ನೂ ಇಂಡಕ್ಟೆನ್ಸನ್ನೂ ಮೂರು ವೋಲ್ಟ್‌ಮೀಟರ್ ವಿಧಾನದಿಂದ ಕಂಡುಹಿಡಿಯುವುದು. ಕಾಯಿಲ್ ಜೊತೆ ಬೆಲೆ ಗೊತ್ತಿರುವ ರೋಧಕವೊಂದನ್ನು ಸರಣಿಯಲ್ಲಿ ಸೇರಿಸಿ ಎ.ಸಿ. ಕೊಟ್ಟು, ರೋಧಕದ ಮೇಲೆ, ಕಾಯಿಲ್ ಮೇಲೆ, ಎರಡೂ ಸೇರಿದ ಸರಣಿಯ ಮೇಲೆ ವೋಲ್ಟೇಜ್ ಓದಿದರೆ ಸಾಕು. ಆದರೆ ಈ ವಿಧಾನ ಹುಟ್ಟಿದ್ದು ಕಾಯಿಲ್ ಅಳೆಯುವುದಕ್ಕಲ್ಲ.

1891ರಲ್ಲಿ ಲಂಡನ್ನಿನ ಡಬ್ಲ್ಯು. ಇ. ಏರ್ಟನ್ ಮತ್ತು ಡಬ್ಲ್ಯು. ಇ. ಸಂಪ್ನರ್ ಇದನ್ನು ಪ್ರಕಟಿಸಿದ್ದು ಎ.ಸಿ. ಪವರ್ ಅಳೆಯುವ ದಾರಿಯಾಗಿ. ಆಗ ವಾಟ್‌ಮೀಟರ್ ಇತ್ತು, ನಂಬಿಕೆ ಇರಲಿಲ್ಲ. ಅದರ ವೋಲ್ಟೇಜ್ ಸುರುಳಿಗೇ ತನ್ನದೊಂದು ಇಂಡಕ್ಟೆನ್ಸ್ ಇರುವುದರಿಂದ ಅದರೊಳಗಿನ ಕರೆಂಟ್ ಸ್ವಲ್ಪ ಹಿಂದೆ ಬೀಳುತ್ತದೆ. ಅಳೆಯಬೇಕಾದ ಸಾಧನವೂ ಕಾಯಿಲ್ ಆಗಿದ್ದರೆ ಆ ತಪ್ಪು ಬಹಳ ದೊಡ್ಡದಾಗುತ್ತದೆ. ವೋಲ್ಟ್‌ಮೀಟರ್ ಮಾತ್ರ ಬಳಸಿದರೆ ಈ ತೊಂದರೆಯಿಲ್ಲ. ಒಟ್ಟು ವೋಲ್ಟೇಜ್ V, ರೋಧಕದ ಮೇಲಿನದು V_R, ಕಾಯಿಲ್ ಮೇಲಿನದು V_C, ರೋಧಕದ ಬೆಲೆ R ಎಂದರೆ ಅವರ ಸೂತ್ರ ಇಷ್ಟು:

P = (V² − V_R² − V_C²) / 2R

ಇದರ ನಿಜವಾದ ಬಲ ಎಲ್ಲಿದೆ ಎಂಬುದನ್ನು ಈಗಿನ ಲ್ಯಾಬ್ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಪ್ರತಿ ಕ್ಷಣದಲ್ಲೂ ಒಟ್ಟು ವೋಲ್ಟೇಜ್ ಎರಡು ಭಾಗಗಳ ಮೊತ್ತ. ಅದನ್ನು ವರ್ಗಮಾಡಿ ಸರಾಸರಿ ತೆಗೆದರೆ ಸೂತ್ರ ತಾನಾಗಿ ಬರುತ್ತದೆ. ಸೈನ್ ಅಲೆ ಇರಬೇಕೆಂಬ ಷರತ್ತು ಎಲ್ಲಿಯೂ ಬರುವುದಿಲ್ಲ. ಅಲೆ ಎಷ್ಟೇ ಸೊಟ್ಟಗಿರಲಿ, ಪವರ್ ಸರಿಯಾಗಿಯೇ ಸಿಗುತ್ತದೆ.

1893ರಲ್ಲಿ ಕೆನೆಲಿ ಮತ್ತು ಸ್ಟೈನ್‌ಮೆಟ್ಜ್ ಎ.ಸಿ. ಲೆಕ್ಕಕ್ಕೆ ಸಂಕೀರ್ಣ ಸಂಖ್ಯೆಗಳನ್ನು ತಂದರು. ಆ ಲೆಕ್ಕದಲ್ಲಿ ಮೂರು ಓದುಗಳೂ ಒಂದು ತ್ರಿಕೋನದ ಮೂರು ಬಾಹುಗಳಾಗಿ ಕಾಣುತ್ತವೆ. ಬಾಹುಗಳು ಗೊತ್ತಾದರೆ ಕೋನ ಗೊತ್ತು, ಕೋನ ಗೊತ್ತಾದರೆ ಕಾಯಿಲ್‌ನ ರೋಧವೂ ಇಂಡಕ್ಟೆನ್ಸೂ ಬೇರೆಬೇರೆಯಾಗಿ ಸಿಗುತ್ತವೆ. ಪವರ್ ಅಳತೆಯೇ ಕಾಯಿಲ್ ಅಳತೆಯೂ ಆಗುವುದು ಹೀಗೆ.

ಒಂದು ಲೆಕ್ಕ ಮಾಡಿ ನೋಡೋಣ. ರೋಧಕ 100 ಓಮ್, ಸಪ್ಲೈ 50 ಹರ್ಟ್ಜ್. ಓದುಗಳು: ರೋಧಕದ ಮೇಲೆ 100 ವೋಲ್ಟ್, ಕಾಯಿಲ್ ಮೇಲೆ 85.4, ಒಟ್ಟು 152.6. ಕರೆಂಟ್ 1 ಆಂಪಿಯರ್ ಎಂದಾಯಿತು. ಒಟ್ಟಿನ ವರ್ಗದಿಂದ ಉಳಿದೆರಡರ ವರ್ಗಗಳನ್ನು ಕಳೆದರೆ ಸುಮಾರು 5994. ಅದನ್ನು 200ರಿಂದ ಭಾಗಿಸಿದರೆ ಕಾಯಿಲ್‌ನ ರೋಧದ ಪಾಲು 30 ವೋಲ್ಟ್, ಅಂದರೆ ರೋಧ 30 ಓಮ್. ಕಾಯಿಲ್‌ನ 85.4ರ ವರ್ಗದಿಂದ 30ರ ವರ್ಗ ಕಳೆದು ಮೂಲ ತೆಗೆದರೆ ರಿಯಾಕ್ಟೆನ್ಸ್ 80 ಓಮ್. 314ರಿಂದ ಭಾಗಿಸಿದರೆ ಇಂಡಕ್ಟೆನ್ಸ್ 0.255 ಹೆನ್ರಿ.

ಈಗ ಒಟ್ಟು ವೋಲ್ಟೇಜನ್ನು ಶೇ. 1ರಷ್ಟು ಕಡಿಮೆ, 151.1 ಎಂದು ಓದಿದೆವು ಅನ್ನಿ. ಇಂಡಕ್ಟೆನ್ಸ್ ಬದಲಾಗುವುದು ಶೇ. 1ರಷ್ಟೇ, ರೋಧ ಮಾತ್ರ 27.7 ಓಮ್‌ಗೆ ಇಳಿಯುತ್ತದೆ, ಶೇ. 8ರ ಹತ್ತಿರದ ತಪ್ಪು. ದೊಡ್ಡ ಸಂಖ್ಯೆಗಳನ್ನು ಒಂದರಿಂದ ಒಂದು ಕಳೆದು ಚಿಕ್ಕ ಸಂಖ್ಯೆ ಪಡೆಯುವುದೇ ಇದಕ್ಕೆ ಕಾರಣ. ರೋಧಕ 10 ಓಮ್ ಇದ್ದು ಕರೆಂಟ್ ಅಷ್ಟೇ ಇದ್ದರೆ ಅದೇ ಶೇ. 1ರ ತಪ್ಪು ರೋಧವನ್ನು 22 ಓಮ್‌ಗೆ ಇಳಿಸುತ್ತದೆ. ಹಾಗಾಗಿ ರೋಧಕದ ಮೇಲಿನ ವೋಲ್ಟೇಜ್ ಕಾಯಿಲ್ ಮೇಲಿನದಕ್ಕೆ ಹೆಚ್ಚುಕಡಿಮೆ ಸಮನಾಗಿರುವಂತೆ ರೋಧಕವನ್ನು ಆರಿಸಬೇಕು. ಅದಕ್ಕೆ ತೆರುವ ಬೆಲೆಯೂ ಉಂಟು: ಕಾಯಿಲ್‌ಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜ್ ಸಪ್ಲೈನಲ್ಲಿರಬೇಕು.

ಮೂರು ಮೀಟರ್ ಬೇಕೆಂಬುದು ಹೆಸರಿನಲ್ಲಿ ಮಾತ್ರ. ಒಂದೇ ಮೀಟರನ್ನು ಮೂರು ಕಡೆ ಇಟ್ಟು ಓದುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಉತ್ತರ ನಿಂತಿರುವುದು ವೋಲ್ಟೇಜ್‌ಗಳ ಅನುಪಾತಗಳ ಮೇಲೆ ಮತ್ತು ರೋಧಕದ ಬೆಲೆಯ ಮೇಲೆ. ಆ ಮೀಟರ್ ಎಲ್ಲ ಕಡೆಯೂ ಶೇ. 2 ಹೆಚ್ಚು ತೋರಿಸಿದರೂ ಅನುಪಾತ ಕೆಡುವುದಿಲ್ಲ. ಕೊನೆಗೆ ಮೊದಲ ಓದನ್ನು ಮತ್ತೊಮ್ಮೆ ತೆಗೆಯಬೇಕು. ಅದು ಬದಲಾಗಿದ್ದರೆ ನಡುವೆ ಸಪ್ಲೈ ಏರಿಳಿದಿರಬಹುದು.

ಮೀಟರ್ ಕಾಲಕ್ಕೆ ತಕ್ಕಂತೆ ಬದಲಾಯಿತು. ಆ ದಿನಗಳ ಕಾರ್ಡ್ಯೂ ವೋಲ್ಟ್‌ಮೀಟರ್‌ನಲ್ಲಿ ತಂತಿ ಬಿಸಿಯಾಗಿ ಹಿಗ್ಗಿ ಮುಳ್ಳು ತಿರುಗುತ್ತಿತ್ತು. ಅದು ತಾನೇ ಸಾಕಷ್ಟು ಕರೆಂಟ್ ಎಳೆದು ಸರ್ಕ್ಯೂಟನ್ನು ಕೆಡಿಸುತ್ತಿತ್ತು. ಇಂದಿನ ಡಿಜಿಟಲ್ ಮೀಟರ್‌ನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್, ಆ ಚಿಂತೆ ಹೋಯಿತು. ಆದರೆ ಬಿಸಿ ತಂತಿ ಯಾವ ಅಲೆಗಾದರೂ ನಿಜವಾದ ಆರ್‌ಎಂಎಸ್ ಬೆಲೆಯನ್ನೇ ತೋರಿಸುತ್ತಿತ್ತು. ಅಗ್ಗದ ಮಲ್ಟಿಮೀಟರ್ ಸರಾಸರಿ ಅಳೆದು, ಸೈನ್ ಅಲೆಯೆಂದುಕೊಂಡು ಲೆಕ್ಕ ಹಾಕುತ್ತದೆ.

ಕಬ್ಬಿಣದ ತಿರುಳಿನ ಚೋಕ್‌ನಲ್ಲಿ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ. ತಿರುಳು ಕಾಂತೀಯವಾಗಿ ತುಂಬಿಕೊಂಡಾಗ ಅಲೆ ಸೊಟ್ಟಗಾಗುತ್ತದೆ. ಟ್ರೂ ಆರ್‌ಎಂಎಸ್ ಮೀಟರ್ ಇದ್ದರೆ ರೋಧದ ಉತ್ತರ ಆಗಲೂ ನಿಲ್ಲುತ್ತದೆ, ಏಕೆಂದರೆ ಅದು ಪವರ್‌ನಿಂದ ಬಂದದ್ದು. ಇಂಡಕ್ಟೆನ್ಸ್‌ನ ಉತ್ತರಕ್ಕೆ ಆ ಭರವಸೆಯಿಲ್ಲ. ಅದು ಸೈನ್ ಅಲೆಯನ್ನೇ ನಂಬಿಕೊಂಡಿದೆ, ಕರೆಂಟ್ ಬದಲಾದಂತೆ ತಾನೂ ಬದಲಾಗುತ್ತದೆ. ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ ಚೋಕ್ ಅಳೆದರೆ ಈ ವಿಧಾನದ ರೋಧಕ್ಕಿಂತ ಕಡಿಮೆ ಬರುವುದೂ ಸಹಜ: ಅಲ್ಲಿ ತಾಮ್ರದ ರೋಧ ಮಾತ್ರವಿದೆ, ಇಲ್ಲಿ ತಿರುಳಿನ ನಷ್ಟವೂ ಸೇರಿದೆ. ವಿದ್ಯಾರ್ಥಿಗಳು ರೆಕಾರ್ಡ್ ಪುಸ್ತಕದಲ್ಲಿ ಉತ್ತರದ ಪಕ್ಕದಲ್ಲಿ ಅದು ಯಾವ ಕರೆಂಟ್‌ನಲ್ಲಿ ಸಿಕ್ಕಿತು ಎಂಬುದನ್ನೂ ಬರೆಯಲಿ.