ಒಂದೇ ಸಭಾಂಗಣ, ಎಂಟು ಅರ್ಜಿ: ಯಾವುದಕ್ಕೆ ಒಪ್ಪಿಗೆ?

ಸಭಾಂಗಣ ಒಂದೇ ಇದ್ದು, ಅದನ್ನು ಕೇಳುವವರು ಹಲವರಿದ್ದಾಗ ಕೆಲವರಿಗೆ ಇಲ್ಲವೆನ್ನುವುದು ಅನಿವಾರ್ಯ. ಹಾಗೆ ನಿರಾಕರಿಸಲ್ಪಟ್ಟವರು ಕಾರಣ ಕೇಳಿದರೆ ಕಚೇರಿಯ ಕಾರ್ಯದರ್ಶಿಯ ಬಳಿ ಉತ್ತರವಿರಬೇಕು. 'ಬೇರೆ ಯಾವ ರೀತಿಯಲ್ಲಿ ಹಂಚಿದ್ದರೂ ಇದಕ್ಕಿಂತ ಹೆಚ್ಚು ಸಭೆಗಳಿಗೆ ಅವಕಾಶ ನೀಡಲು ಸಾಧ್ಯವಿರಲಿಲ್ಲ' ಎಂದು ಖಚಿತವಾಗಿ ಹೇಳಬಲ್ಲ ಒಂದು ನಿಯಮ ಗಣಕ ವಿಜ್ಞಾನದಲ್ಲಿದೆ. ನಿಯಮ ಒಂದೇ ಸಾಲಿನದು. ಅದು ಸರಿ ಎಂಬುದಕ್ಕೆ ನೀಡುವ ಸಾಧನೆಯೂ ಗಣಿತದ ಚಿಹ್ನೆಗಳಿಲ್ಲದೆಯೇ ಅರ್ಥವಾಗುವಂಥದು.

ಒಂದು ದಿನದ ಮಟ್ಟಿಗೆ ಬಂದಿರುವ ಎಂಟು ಅರ್ಜಿಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗೊಂದಲ ಬೇಡವೆಂದು ವೇಳೆಯನ್ನು ರೈಲ್ವೆ ಗಡಿಯಾರದ ಕ್ರಮದಲ್ಲಿ ಕೊಟ್ಟಿದೆ.

1ನೇ ಅರ್ಜಿ: 9:00 – 12:30
2ನೇ ಅರ್ಜಿ: 9:30 – 10:30
3ನೇ ಅರ್ಜಿ: 10:45 – 12:00
4ನೇ ಅರ್ಜಿ: 11:45 – 12:15
5ನೇ ಅರ್ಜಿ: 12:00 – 13:30
6ನೇ ಅರ್ಜಿ: 14:00 – 16:30
7ನೇ ಅರ್ಜಿ: 14:30 – 15:30
8ನೇ ಅರ್ಜಿ: 15:30 – 17:00

ಅವಧಿಗಳ ಜೋಡಣೆ

ಆಯ್ಕೆಯ ಪ್ರಶ್ನೆಗೆ ಮುನ್ನ ಅದಕ್ಕಿಂತ ಸರಳವಾದ ಇನ್ನೊಂದು ಪ್ರಶ್ನೆಯನ್ನು ಬಗೆಹರಿಸಿಕೊಳ್ಳುವುದು ಒಳಿತು. ಕಟ್ಟಡದಲ್ಲಿ ಸಾಕಷ್ಟು ಕೊಠಡಿಗಳಿದ್ದು ಎಂಟೂ ಸಭೆಗಳು ನಡೆಯುತ್ತವೆ ಎಂದಿಟ್ಟುಕೊಳ್ಳಿ. ಆಗ ಕಾವಲುಗಾರ ಎಷ್ಟು ಹೊತ್ತು ಬಾಗಿಲು ತೆರೆದಿರಬೇಕು? ಎಂಟೂ ಸಭೆಗಳ ಅವಧಿಯನ್ನು ಕೂಡಿದರೆ 12 ಗಂಟೆ 45 ನಿಮಿಷವಾಗುತ್ತದೆ. ಆದರೆ ಹಲವು ಸಭೆಗಳು ಏಕಕಾಲದಲ್ಲಿ ನಡೆಯುವುದರಿಂದ ಇದು ಸರಿಯಾದ ಉತ್ತರವಲ್ಲ.

ಇದಕ್ಕೆ ಅರ್ಜಿಗಳನ್ನು ಆರಂಭದ ವೇಳೆಗೆ ಅನುಗುಣವಾಗಿ ಜೋಡಿಸಿಕೊಂಡು ಒಂದೊಂದಾಗಿ ನೋಡುತ್ತ ಹೋಗಬೇಕು. ಹೊಸ ಸಭೆ ಈಗಿರುವ ಅವಧಿ ಮುಗಿಯುವುದರೊಳಗೆ ಆರಂಭವಾದರೆ ಅದನ್ನು ಅದೇ ಅವಧಿಗೆ ಸೇರಿಸಬೇಕು. ಇಲ್ಲವಾದರೆ ಹೊಸ ಅವಧಿಯನ್ನು ತೆರೆಯಬೇಕು. ಹೀಗೆ ಮಾಡಿದಾಗ ಮೊದಲ ಐದು ಸಭೆಗಳು 9:00ರಿಂದ 13:30ರವರೆಗಿನ ಒಂದು ಅವಧಿಯಾಗಿಯೂ, ಉಳಿದ ಮೂರು 14:00ರಿಂದ 17:00ರವರೆಗಿನ ಇನ್ನೊಂದು ಅವಧಿಯಾಗಿಯೂ ಕೂಡಿಕೊಳ್ಳುತ್ತವೆ. ಬಾಗಿಲು ತೆರೆದಿರಬೇಕಾದದ್ದು ಒಟ್ಟು ಏಳೂವರೆ ಗಂಟೆ ಮಾತ್ರ.

ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. 2ನೇ ಸಭೆಯನ್ನು ಸೇರಿಸುವಾಗ ಅವಧಿಯ ಕೊನೆಯನ್ನು ಆ ಸಭೆಯ ಕೊನೆಗೆ, ಅಂದರೆ 10:30ಕ್ಕೆ, ಬದಲಾಯಿಸಿಬಿಡುತ್ತಾರೆ. ಆದರೆ 1ನೇ ಸಭೆ 12:30ರವರೆಗೂ ನಡೆಯುತ್ತಿದ್ದು, 2ನೆಯದು ಪೂರ್ಣವಾಗಿ ಅದರ ಹೊಟ್ಟೆಯೊಳಗೇ ಇದೆ. ಈ ತಪ್ಪು ನುಸುಳಿದರೆ 10:30ರಿಂದ 10:45ರವರೆಗೆ ಕಟ್ಟಡ ಖಾಲಿ ಎಂಬ ಸುಳ್ಳು ವರದಿ ಬರುತ್ತದೆ, ಕಾವಲುಗಾರ ಜನರನ್ನು ಒಳಗಿಟ್ಟೇ ಬೀಗ ಹಾಕುತ್ತಾನೆ. ಎರಡು ಕೊನೆಗಳಲ್ಲಿ ತಡವಾದುದನ್ನೇ ಉಳಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಮೂರು ನಿಯಮ, ಮೂರು ಉತ್ತರ

ಈಗ ಮೂಲ ಪ್ರಶ್ನೆಗೆ ಬರೋಣ. ಸಭಾಂಗಣ ಒಂದೇ. ಒಂದು ಸಭೆ ಮುಗಿದ ಕ್ಷಣದಲ್ಲೇ ಮತ್ತೊಂದು ಆರಂಭವಾಗಬಹುದು, ಆದರೆ ಎರಡು ಒಟ್ಟಿಗೆ ನಡೆಯುವಂತಿಲ್ಲ. ಗರಿಷ್ಠ ಎಷ್ಟು ಸಭೆಗಳಿಗೆ ಒಪ್ಪಿಗೆ ಕೊಡಬಹುದು?

ಬೇಗ ಆರಂಭವಾಗುವವರಿಗೆ ಮೊದಲ ಆದ್ಯತೆ ಎಂಬುದು ಥಟ್ಟನೆ ಹೊಳೆಯುವ ನಿಯಮ. ಇದರಂತೆ 1ನೇ ಅರ್ಜಿಗೆ ಒಪ್ಪಿಗೆ ಕೊಟ್ಟರೆ 12:30ರವರೆಗೆ ಸಭಾಂಗಣ ಅವರದೇ. ಆಮೇಲೆ 6ನೆಯದಕ್ಕೆ ಮಾತ್ರ ಅವಕಾಶ. ಒಟ್ಟು ಎರಡೇ ಸಭೆಗಳು.

ಚಿಕ್ಕ ಸಭೆಗಳಿಗೆ ಮೊದಲ ಆದ್ಯತೆ ಎಂಬುದು ಇನ್ನೂ ನ್ಯಾಯವೆಂದು ತೋರುತ್ತದೆ. ಅರ್ಧ ಗಂಟೆಯ 4ನೇ ಅರ್ಜಿ ಮೊದಲು ಆಯ್ಕೆಯಾಗುತ್ತದೆ. ಅದರಿಂದ ಅತ್ತ 3 ಮತ್ತು ಇತ್ತ 5 ಎರಡೂ ಕೈಬಿಟ್ಟು ಹೋಗುತ್ತವೆ. ಕೊನೆಗೆ 2, 4, 7, 8 ಎಂಬ ನಾಲ್ಕು ಸಭೆಗಳು ಉಳಿಯುತ್ತವೆ.

ಮೂರನೆಯ ನಿಯಮ, ಯಾವುದು ಬೇಗ ಮುಗಿಯುತ್ತದೆಯೋ ಅದಕ್ಕೆ ಮೊದಲ ಆದ್ಯತೆ. 2ನೆಯದು 10:30ಕ್ಕೆ ಮುಗಿಯುವುದರಿಂದ ಅದೇ ಮೊದಲು. ಆನಂತರ ಆರಂಭವಾಗುವವುಗಳಲ್ಲಿ ಬೇಗ ಮುಗಿಯುವುದು 3. ಆಮೇಲೆ 4 ಮತ್ತು 1 ಅಡ್ಡಬರುವುದರಿಂದ ಅವುಗಳನ್ನು ಬಿಟ್ಟು 5. ಮಧ್ಯಾಹ್ನ 7, ಅದರ ಬೆನ್ನಿಗೇ 8. ಒಟ್ಟು ಐದು ಸಭೆಗಳು.

ಪ್ರತಿ ಹಂತದಲ್ಲೂ ಆ ಕ್ಷಣಕ್ಕೆ ಲಾಭವೆನಿಸುವುದನ್ನು ಬಾಚಿಕೊಂಡು, ಹಿಂದಿರುಗಿ ನೋಡದೆ ಮುಂದುವರಿಯುವ ಇಂತಹ ವಿಧಾನಗಳಿಗೆ 'ಗ್ರೀಡಿ' ಅಥವಾ ಆಸೆಬುರುಕ ವಿಧಾನಗಳೆಂದು ಹೆಸರು. ಮೂರೂ ನಿಯಮಗಳು ಆಸೆಬುರುಕವೇ, ಗೆದ್ದದ್ದು ಒಂದು. ಪೈಥಾನ್ ಭಾಷೆಯಲ್ಲಿ ಅದು ಇಷ್ಟೇ:

```
def choose(meetings):
    chosen, free_at = [], 0
    for start, end in sorted(meetings, key=lambda m: m[1]):
        if start >= free_at:
            chosen.append((start, end))
            free_at = end
    return chosen
```

ಇಲ್ಲಿ ವೇಳೆಯನ್ನು ಮಧ್ಯರಾತ್ರಿಯಿಂದ ಎಣಿಸಿದ ನಿಮಿಷಗಳಲ್ಲಿ ಕೊಡಬೇಕು. 9:30 ಎಂದರೆ 570. ಅಕ್ಷರಗಳ ರೂಪದಲ್ಲೇ ಕೊಟ್ಟರೆ ಗಣಕಯಂತ್ರವು `10:30` ಅನ್ನು `9:30`ಕ್ಕಿಂತ ಮುಂಚಿನದೆಂದು ತಿಳಿಯುತ್ತದೆ, ಏಕೆಂದರೆ ಅದು ಮೊದಲ ಅಕ್ಷರವಾದ 1 ಮತ್ತು 9ನ್ನು ಹೋಲಿಸುತ್ತದೆ.

ಒಂದು ಉದಾಹರಣೆ ಸಾಕ್ಷಿಯಲ್ಲ

ಮೂರನೆಯ ನಿಯಮ ಈ ಎಂಟು ಅರ್ಜಿಗಳಲ್ಲಿ ಗೆದ್ದಿತೆಂದ ಮಾತ್ರಕ್ಕೆ ಎಲ್ಲ ಕಡೆಯೂ ಗೆಲ್ಲುತ್ತದೆ ಎನ್ನಲಾಗದು. 'ಅತಿ ಕಡಿಮೆ ಅರ್ಜಿಗಳಿಗೆ ಅಡ್ಡಬರುವುದಕ್ಕೆ ಆದ್ಯತೆ' ಎಂಬ ನಾಲ್ಕನೆಯ ನಿಯಮವೂ ಇಲ್ಲಿ ಅದೇ ಐದು ಸಭೆಗಳನ್ನು ಕೊಡುತ್ತದೆ. ಆದರೆ 11 ಅರ್ಜಿಗಳಿರುವ ಒಂದು ಪಟ್ಟಿಯಲ್ಲಿ ಅದು ಸೋಲುತ್ತದೆ. ಸಾಲಾಗಿ ನಾಲ್ಕು ಸಭೆಗಳಿವೆ ಎನ್ನಿ. ಮೊದಲೆರಡರ ಸಂಧಿಯ ಮೇಲೆ ಮೂರು ಅರ್ಜಿಗಳು, ಕೊನೆಯೆರಡರ ಸಂಧಿಯ ಮೇಲೆ ಮೂರು, ನಟ್ಟನಡುವಿನ ಸಂಧಿಯ ಮೇಲೆ ಒಂದೇ ಒಂದು. ನಡುವಿನ ಈ ಅರ್ಜಿಗೆ ಅಡ್ಡಬರುವವು ಎರಡೇ ಆದುದರಿಂದ ನಿಯಮ ಅದನ್ನೇ ಮೊದಲು ಆರಿಸುತ್ತದೆ, ಆ ಎರಡನ್ನು ಕಳೆದುಕೊಳ್ಳುತ್ತದೆ, ಕೊನೆಗೆ ನಾಲ್ಕರ ಬದಲು ಮೂರಕ್ಕೆ ನಿಲ್ಲುತ್ತದೆ.

ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸಿಬಿಡೋಣ ಎಂದರೆ ಅದೂ ಕಾರ್ಯಸಾಧುವಲ್ಲ. ಎಂಟು ಅರ್ಜಿಗಳಿಗೆ 256 ಸಾಧ್ಯತೆಗಳಿದ್ದರೆ, 30 ಅರ್ಜಿಗಳಿಗೆ 107 ಕೋಟಿಗೂ ಹೆಚ್ಚು. ಆದುದರಿಂದ ಬೇಕಾದದ್ದು ಯಾವ ಪಟ್ಟಿಗೂ ಅನ್ವಯವಾಗುವ ಒಂದು ವಾದ.

ವಿನಿಮಯದ ವಾದ

ಆ ವಾದಕ್ಕೆ 'ವಿನಿಮಯ ವಾದ' ಎಂದು ಹೆಸರು. ನಮ್ಮ ಪಟ್ಟಿಯ ಎದುರು ಯಾರೋ ಇನ್ನೊಂದು ಪಟ್ಟಿಯನ್ನು ತಂದು, ತಮ್ಮದೇ ಉತ್ತಮವೆಂದು ಹಠ ಹಿಡಿದರೆನ್ನಿ. ನಾವು ಅವರೊಡನೆ ಜಗಳವಾಡುವುದಿಲ್ಲ. ಅವರ ಪಟ್ಟಿಯಿಂದ ಒಂದೊಂದೇ ಸಭೆಯನ್ನು ತೆಗೆದು, ಅದರ ಜಾಗದಲ್ಲಿ ನಮ್ಮದನ್ನು ಇಡುತ್ತ ಹೋಗುತ್ತೇವೆ. ಸಂಖ್ಯೆ ಎಲ್ಲಿಯೂ ಕಡಿಮೆಯಾಗುವುದಿಲ್ಲ ಎಂದು ತೋರಿಸಿದರೆ ಸಾಕು.

ಅವರ ಪಟ್ಟಿಯ ಮೊದಲ ಸಭೆಯನ್ನು ನೋಡಿ. ನಮ್ಮ ಮೊದಲ ಸಭೆ ಎಲ್ಲಕ್ಕಿಂತ ಬೇಗ ಮುಗಿಯುವಂಥದು. ಆದ್ದರಿಂದ ಅವರದಕ್ಕಿಂತ ತಡವಾಗಿ ಮುಗಿಯಲಾರದು. ಅವರ ಎರಡನೆಯ ಸಭೆ ಆರಂಭವಾಗುವುದು ಅವರ ಮೊದಲನೆಯದು ಮುಗಿದ ಮೇಲೆ. ಆ ಹೊತ್ತಿಗೆ ನಮ್ಮದೂ ಮುಗಿದೇ ಇರುತ್ತದೆ. ಹಾಗಾಗಿ ಅವರ ಮೊದಲ ಸಭೆಯ ಬದಲು ನಮ್ಮದನ್ನು ಇಟ್ಟರೆ ಉಳಿದ ಯಾವುದಕ್ಕೂ ಅಡ್ಡಿಯಾಗದು. ಒಂದು ಹೋಯಿತು, ಒಂದು ಬಂತು. ಸಂಖ್ಯೆ ಅಷ್ಟೇ ಉಳಿಯಿತು. ಆನಂತರ ಉಳಿದ ಸಮಯಕ್ಕೆ ಇದೇ ವಾದ ಪುನಃ ಅನ್ವಯಿಸುತ್ತದೆ.

'ಚಿಕ್ಕದಕ್ಕೆ ಆದ್ಯತೆ' ಕೊಟ್ಟ 2, 4, 7, 8ರ ಮೇಲೆ ಇದನ್ನು ಪ್ರಯೋಗಿಸೋಣ. 2 ಎರಡರಲ್ಲೂ ಇದೆ. 12:15ಕ್ಕೆ ಮುಗಿಯುವ 4ರ ಬದಲು 12:00ಕ್ಕೆ ಮುಗಿಯುವ 3ನ್ನು ಇಟ್ಟರೆ 2, 3, 7, 8. ಮೂರನೆಯ ಸ್ಥಾನದಲ್ಲಿರುವ 7ರ ಬದಲು 5ನ್ನು ಇಟ್ಟರೆ 2, 3, 5, 8. ನಾಲ್ಕನೆಯ ಸ್ಥಾನದ 8ರ ಬದಲು 7 ಇಟ್ಟರೆ 2, 3, 5, 7. ಅವರ ಪಟ್ಟಿ ಇಲ್ಲಿಗೆ ಮುಗಿಯಿತು. ಆದರೆ 15:30ಕ್ಕೆ ಸಭಾಂಗಣ ಖಾಲಿಯಾಗಿ 8ಕ್ಕೆ ಇನ್ನೂ ಜಾಗವಿದೆ.

ಇದಕ್ಕೆ ವಿರುದ್ಧವಾಗಿ, ನಮ್ಮ ಪಟ್ಟಿ ಮುಗಿದ ಮೇಲೂ ಅವರಲ್ಲಿ ಒಂದು ಸಭೆ ಹೆಚ್ಚಾಗಿ ಉಳಿಯಬಹುದೇ? ಉಳಿದರೆ ಅದು ನಮ್ಮ ಕೊನೆಯ ಸಭೆ ಮುಗಿದ ನಂತರ ಆರಂಭವಾಗುವಂಥದಾಗಿರಬೇಕು. ಅಂತಹದ್ದೊಂದು ಇದ್ದಿದ್ದರೆ ನಮ್ಮ ನಿಯಮ ಅದನ್ನು ಬಿಡುತ್ತಲೇ ಇರಲಿಲ್ಲ. ಅಲ್ಲಿಗೆ ವಾದ ಪೂರ್ಣವಾಯಿತು.

ಇದೇ ವಿನಿಮಯವನ್ನು 'ಚಿಕ್ಕದಕ್ಕೆ ಆದ್ಯತೆ' ನಿಯಮದ ಪರವಾಗಿ ಮಾಡಲು ಹೋದರೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಗಮನಿಸಬಹುದು. ನಮ್ಮ ಪಟ್ಟಿಯಲ್ಲಿರುವ 3ರ ಬದಲು 4ನ್ನು ಇಟ್ಟ ಕೂಡಲೇ ಮುಗಿಯುವ ವೇಳೆ 12:00ರಿಂದ 12:15ಕ್ಕೆ ಜಾರಿ, 12:00ಕ್ಕೆ ಆರಂಭವಾಗುವ 5ಕ್ಕೆ ಡಿಕ್ಕಿ ಹೊಡೆಯುತ್ತದೆ. ಸಭೆ ಚಿಕ್ಕದಾದರೂ ತಡವಾಗಿ ಮುಗಿಯಬಹುದು. ಮುಂದಿನವರಿಗೆ ಮುಖ್ಯವಾದದ್ದು ಹಿಂದಿನ ಸಭೆ ಎಷ್ಟು ಹೊತ್ತು ನಡೆಯಿತು ಎಂಬುದಲ್ಲ, ಬಾಗಿಲು ಎಷ್ಟು ಗಂಟೆಗೆ ತೆರೆಯಿತು ಎಂಬುದು.

ನಿಯಮದ ಎಲ್ಲೆಗಳು

ಸಾಧನೆ ನಿಂತಿರುವ ಷರತ್ತುಗಳು ಬದಲಾದರೆ ಉತ್ತರವೂ ಬದಲಾಗುತ್ತದೆ. ಪ್ರತಿ ಸಭೆಯ ನಂತರ ಸ್ವಚ್ಛತೆಗೆ 15 ನಿಮಿಷ ಬೇಕೆಂದು ನಿಗದಿಯಾದರೆ, ಪ್ರತಿ ಅರ್ಜಿಯ ಕೊನೆಗೆ 15 ನಿಮಿಷ ಸೇರಿಸಿ ಅದೇ ನಿಯಮವನ್ನು ನಡೆಸಬಹುದು. ಆಗ 5 ಮತ್ತು 8 ಬಿದ್ದುಹೋಗಿ 2, 3, 7 ಎಂಬ ಮೂರೇ ಸಭೆಗಳು ಉಳಿಯುತ್ತವೆ. ಕಾಲುಗಂಟೆಯ ಒಂದು ಆದೇಶದ ಬೆಲೆ ಎರಡು ಸಭೆಗಳು.

ಇನ್ನೂ ಮುಖ್ಯವಾದದ್ದು ಬಾಡಿಗೆಯ ಪ್ರಶ್ನೆ. ನಮ್ಮ ನಿಯಮ ಎಣಿಸುವುದು ಸಭೆಗಳನ್ನು, ಹಣವನ್ನಲ್ಲ. 1ನೇ ಅರ್ಜಿದಾರರು 10,000 ರೂಪಾಯಿ, ಉಳಿದವರು ತಲಾ 2,000 ರೂಪಾಯಿ ಕೊಡುವುದಾದರೆ, ಬೆಳಗಿನ 2, 3, 5 ಮೂರೂ ಸೇರಿ ತರುವುದು 6,000 ರೂಪಾಯಿ ಮಾತ್ರ. ವಿನಿಮಯದಲ್ಲಿ ಹೋದ ಸಭೆ ಮತ್ತು ಬಂದ ಸಭೆ ಸಮಬೆಲೆಯವಲ್ಲದ ಕಾರಣ ವಾದ ಮೊದಲ ಹೆಜ್ಜೆಯಲ್ಲೇ ಮುರಿಯುತ್ತದೆ. ಅಂತಹ ಸಂದರ್ಭದಲ್ಲಿ ಅರ್ಜಿಗಳನ್ನು ಮುಗಿಯುವ ಕ್ರಮದಲ್ಲಿಟ್ಟು, ಪ್ರತಿಯೊಂದಕ್ಕೂ 'ಒಪ್ಪಿದರೆ ಈವರೆಗಿನ ಗರಿಷ್ಠ ಆದಾಯ ಎಷ್ಟು, ಬಿಟ್ಟರೆ ಎಷ್ಟು' ಎಂದು ಬರೆದಿಡುತ್ತ ಹೋಗುವ ಡೈನಾಮಿಕ್ ಪ್ರೋಗ್ರಾಮಿಂಗ್ ವಿಧಾನವನ್ನು ಬಳಸಬೇಕು.

ದೀರ್ಘ ಸಭೆಗಳಿಗೆ ಈ ನಿಯಮ ಅನುಕೂಲಕರವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಮೂರೂವರೆ ಗಂಟೆಯ 1 ಮತ್ತು ಎರಡೂವರೆ ಗಂಟೆಯ 6 ಎರಡೂ ಹೊರಗುಳಿದಿವೆ. ನಿಯಮ ಬಲ್ಲ 4ನೇ ಅರ್ಜಿದಾರರು ತಮ್ಮ ಸಭೆ 11:55ಕ್ಕೇ ಮುಗಿಯುತ್ತದೆಂದು ಬರೆದುಕೊಟ್ಟಿದ್ದರೆ 3ನೆಯವರನ್ನು ತಳ್ಳಿ ತಾವು ಒಳಬರುತ್ತಿದ್ದರು. ಆದ್ದರಿಂದ ಬರೆದುಕೊಟ್ಟ ವೇಳೆಗೆ ಸಭೆ ಮುಗಿಸಲೇಬೇಕೆಂಬ ಕಟ್ಟುಪಾಡು ಇಲ್ಲದ ಕಡೆ ಈ ಲೆಕ್ಕಕ್ಕೆ ಅರ್ಥವಿಲ್ಲ. 1ನೇ ಅರ್ಜಿದಾರರಿಗೆ ಕಾರ್ಯದರ್ಶಿ ಕೊಡಬಹುದಾದ ಪ್ರಾಮಾಣಿಕ ಉತ್ತರವೂ ಇಷ್ಟೇ: ನಿಮ್ಮದನ್ನು ಒಪ್ಪಿದ್ದರೆ ಬೆಳಗಿನ ಮೂರು ಸಭೆಗಳನ್ನು ಬಿಡಬೇಕಾಗಿತ್ತು, ಮತ್ತು ನಾವು ಎಣಿಸಲು ಹೊರಟದ್ದು ಸಭೆಗಳನ್ನು.